ಐಯುಐ ಅಥವಾ ಐವಿಎಫ್: ಆಯ್ಕೆಯು ಗಂಡನ ಪರೀಕ್ಷೆಯಿಂದ ಆರಂಭವಾಗಲಿ

ಮದುವೆಯಾಗಿ ಮೂರು ನಾಲ್ಕು ವರ್ಷ ಕಳೆದರೂ ಮಡಿಲು ತುಂಬದ ಹೆಣ್ಣುಮಗಳಿಗೆ ನಮ್ಮ ರೋಣ, ನರಗುಂದ, ಗಜೇಂದ್ರಗಡದ ಕಡೆ ಏನೇನು ನಡೆಯುತ್ತದೆ ಎಂಬುದು ಎಲ್ಲರಿಗೂ ತಿಳಿದಿರುವ ವಿಷಯ. ಆಕೆಯನ್ನು ಒಬ್ಬ ವೈದ್ಯರಿಂದ ಇನ್ನೊಬ್ಬ ವೈದ್ಯರ ಬಳಿಗೆ ಕರೆದೊಯ್ಯಲಾಗುತ್ತದೆ. ಸ್ಕ್ಯಾನಿಂಗ್, ರಕ್ತಪರೀಕ್ಷೆ, ಮಾತ್ರೆ, ಚುಚ್ಚುಮದ್ದು ಎಲ್ಲವೂ ಆಕೆಗೇ. ದರ್ಗಾಕ್ಕೆ ಹೋಗುವವಳೂ ಆಕೆಯೇ, ತಾಯತ ಕಟ್ಟಿಸಿಕೊಳ್ಳುವವಳೂ ಆಕೆಯೇ. ಗಂಡನಾದವನು ಒಂದು ಸಣ್ಣ ಪರೀಕ್ಷೆಗೂ ಒಳಗಾಗದೆ, ಮನೆಯ ಹಿರಿಯರು ಎರಡನೆಯ ಮದುವೆಯ ಮಾತೆತ್ತುವವರೆಗೂ ಸುಮ್ಮನಿರುತ್ತಾನೆ. ನಾವು ಇದನ್ನು ಅನ್ಯಾಯವೆಂದು ಕರೆಯುತ್ತೇವೆ. ಅಷ್ಟೇ ಅಲ್ಲ, ಇದು ಚಿಕಿತ್ಸೆಯನ್ನು ಮೊದಲ ಹೆಜ್ಜೆಯಲ್ಲಿಯೇ ದಾರಿ ತಪ್ಪಿಸುವ ಸಂಗತಿಯೂ ಹೌದು.

ಇಂದು ಐಯುಐ ಮತ್ತು ಐವಿಎಫ್ ಎಂಬ ಎರಡು ಹೆಸರುಗಳು ನಮ್ಮ ಹಳ್ಳಿಗಳಿಗೂ ತಲುಪಿವೆ. ಒಂದು ಅಗ್ಗ, ಇನ್ನೊಂದು ದುಬಾರಿ, ಆದ್ದರಿಂದ ಮೊದಲು ಅಗ್ಗದ್ದನ್ನು ಮಾಡಿಸಿ ಆಗದಿದ್ದರೆ ದುಬಾರಿಯದ್ದಕ್ಕೆ ಹೋಗೋಣ ಎಂಬುದು ಸಾಮಾನ್ಯ ತಿಳಿವಳಿಕೆ. ಈ ತಿಳಿವಳಿಕೆ ಅರ್ಧ ಸತ್ಯ ಮಾತ್ರ. ಇವೆರಡರ ನಡುವಿನ ಆಯ್ಕೆಯನ್ನು ಹಣವಲ್ಲ, ಮೂರು ಸಂಗತಿಗಳು ನಿರ್ಧರಿಸುತ್ತವೆ: ಹೆಂಡತಿಯ ವಯಸ್ಸು, ಆಕೆಯ ಅಂಡನಾಳಗಳು ತೆರೆದಿವೆಯೇ ಎಂಬುದು ಮತ್ತು ಗಂಡನ ವೀರ್ಯದಲ್ಲಿ ಚಲಿಸುವ ವೀರ್ಯಾಣುಗಳು ಎಷ್ಟಿವೆ ಎಂಬುದು. ಈ ಮೂರೂ ತಿಳಿಯದೆ ಯಾವ ಚಿಕಿತ್ಸೆಯನ್ನು ಆರಂಭಿಸಿದರೂ ಅದು ಕತ್ತಲಲ್ಲಿ ಕಲ್ಲೆಸೆದಂತೆ.

ಮೊದಲು ಇವೆರಡೂ ಏನೆಂಬುದನ್ನು ನೋಡೋಣ. ಐಯುಐಯಲ್ಲಿ ಋತುಚಕ್ರದ ಎರಡನೆಯ ಅಥವಾ ಮೂರನೆಯ ದಿನದಿಂದ ಹೆಂಡತಿಗೆ ಸಾಮಾನ್ಯವಾಗಿ ಐದು ದಿನ ಲೆಟ್ರೊಜೋಲ್ ಅಥವಾ ಕ್ಲೋಮಿಫೀನ್ ಮಾತ್ರೆ ಕೊಡುತ್ತಾರೆ. ಒಂಬತ್ತು ಹತ್ತನೆಯ ದಿನದಿಂದ ಸ್ಕ್ಯಾನಿಂಗ್ ಮೂಲಕ ಅಂಡಾಣುವಿನ ಗುಳ್ಳೆ ಬೆಳೆಯುವುದನ್ನು ಗಮನಿಸುತ್ತಾರೆ. ಅದು ಸುಮಾರು 18ರಿಂದ 20 ಮಿಲಿಮೀಟರ್ ಆದಾಗ ಅಂಡಾಣು ಬಿಡುಗಡೆಯಾಗಲು ಒಂದು ಚುಚ್ಚುಮದ್ದು ಕೊಟ್ಟು, ಒಂದರಿಂದ ಒಂದೂವರೆ ದಿನದೊಳಗೆ ಗಂಡನ ವೀರ್ಯವನ್ನು ಪ್ರಯೋಗಾಲಯದಲ್ಲಿ ತೊಳೆದು, ಚುರುಕಾದ ವೀರ್ಯಾಣುಗಳನ್ನು ಮಾತ್ರ ಬೇರ್ಪಡಿಸಿ, ತೆಳುವಾದ ನಳಿಕೆಯಿಂದ ಗರ್ಭಾಶಯದೊಳಗೆ ಬಿಡುತ್ತಾರೆ. ಅರಿವಳಿಕೆ ಬೇಕಿಲ್ಲ, ಅಂದೇ ಮನೆಗೆ ಮರಳಬಹುದು. ಆದರೆ ಗಮನಿಸಬೇಕಾದ ಮಾತೆಂದರೆ, ಇಲ್ಲಿ ವೈದ್ಯರು ವೀರ್ಯಾಣುಗಳ ದಾರಿಯನ್ನು ಸ್ವಲ್ಪ ಹತ್ತಿರ ಮಾಡಿಕೊಡುತ್ತಾರೆ, ಅಷ್ಟೇ. ಅವು ಅಂಡನಾಳಕ್ಕೆ ಈಜಿ ಹೋಗಬೇಕು, ಅಂಡಾಣುವಿನೊಳಗೆ ತಾವೇ ಪ್ರವೇಶಿಸಬೇಕು.

ಐವಿಎಫ್ ಆ ದಾರಿಯನ್ನೇ ಬಿಟ್ಟುಬಿಡುತ್ತದೆ. ಸುಮಾರು ಹತ್ತು ಹನ್ನೆರಡು ದಿನ ದಿನನಿತ್ಯ ಚುಚ್ಚುಮದ್ದು ಕೊಟ್ಟು ಹಲವು ಅಂಡಾಣುಗಳನ್ನು ಬೆಳೆಸಿ, ಅರಿವಳಿಕೆಯಡಿ ಸೂಜಿಯಿಂದ ಹೊರತೆಗೆದು, ಪ್ರಯೋಗಾಲಯದಲ್ಲಿ ಗಂಡನ ವೀರ್ಯಾಣುಗಳೊಂದಿಗೆ ಫಲಗೊಳಿಸುತ್ತಾರೆ. ಮೂರರಿಂದ ಐದು ದಿನ ಬೆಳೆದ ಭ್ರೂಣವನ್ನು ಗರ್ಭಾಶಯದಲ್ಲಿ ಇರಿಸುತ್ತಾರೆ. ವೀರ್ಯಾಣುಗಳು ತೀರಾ ಕಡಿಮೆಯಿದ್ದರೆ ಒಂದೊಂದು ಅಂಡಾಣುವಿಗೆ ಒಂದೊಂದು ವೀರ್ಯಾಣುವನ್ನು ಸೂಜಿಯಿಂದ ಸೇರಿಸುವ ಇಕ್ಸಿ ವಿಧಾನವನ್ನು ಬಳಸುತ್ತಾರೆ. ಇಲ್ಲಿ ಅಂಡನಾಳದ ಅಗತ್ಯವೇ ಇಲ್ಲ, ಲಕ್ಷಗಟ್ಟಲೆ ವೀರ್ಯಾಣುಗಳ ಅಗತ್ಯವೂ ಇಲ್ಲ. ಯಾರಿಗೆ ಯಾವುದು ಎಂಬ ಪ್ರಶ್ನೆಗೆ ಉತ್ತರ ಈ ವ್ಯತ್ಯಾಸದಲ್ಲಿಯೇ ಇದೆ.

ಈಗ ಒಂದು ದಂಪತಿಯನ್ನು ಊಹಿಸಿಕೊಳ್ಳೋಣ. ರೋಣದ ಸಮೀಪದ ಹಳ್ಳಿಯವರು. ಮದುವೆಯಾಗಿ ಐದು ವರ್ಷ. ಹೆಂಡತಿಗೆ 29 ವರ್ಷ, ಮುಟ್ಟು 28ರಿಂದ 30 ದಿನಕ್ಕೊಮ್ಮೆ ಸರಿಯಾಗಿ ಆಗುತ್ತದೆ. ಗಂಡನಿಗೆ 34 ವರ್ಷ. ಆತನ ಪರೀಕ್ಷೆಯಲ್ಲಿ ವೀರ್ಯದ ಪ್ರಮಾಣ 2.5 ಮಿಲಿಲೀಟರ್, ಪ್ರತಿ ಮಿಲಿಲೀಟರಿಗೆ 1.8 ಕೋಟಿ ವೀರ್ಯಾಣುಗಳು ಎಂದು ಬಂದಿದೆ. ಅಂದರೆ ಒಟ್ಟು 4.5 ಕೋಟಿ. ಸಂಖ್ಯೆಯ ಮಟ್ಟಿಗೆ ಇದು ವಿಶ್ವ ಆರೋಗ್ಯ ಸಂಸ್ಥೆಯ ಕೆಳಮಿತಿಗಿಂತ ಸ್ವಲ್ಪ ಮೇಲೆಯೇ ಇದೆ. ಆದರೆ ಮುಂದಕ್ಕೆ ಚಲಿಸುವವು ನೂರಕ್ಕೆ 25 ಮಾತ್ರ, ಇರಬೇಕಾದದ್ದು ಕನಿಷ್ಠ 30. ಹಾಗಾದರೆ ಚಲಿಸುವವು ಒಟ್ಟು ಸುಮಾರು 1.1 ಕೋಟಿ. ತೊಳೆಯುವಾಗ ಅರ್ಧದಷ್ಟು ಕೈಬಿಟ್ಟುಹೋದರೂ ಸುಮಾರು 50 ಲಕ್ಷ ಉಳಿಯುತ್ತವೆ. ಎಕ್ಸ್‌ರೇ ಮೂಲಕ ಅಂಡನಾಳಗಳನ್ನು ನೋಡುವ ಎಚ್‌ಎಸ್‌ಜಿ ಪರೀಕ್ಷೆಯಲ್ಲಿ ಬಲನಾಳ ತೆರೆದಿದೆ, ಎಡನಾಳ ಮುಚ್ಚಿದೆ.

ಈ ದಂಪತಿಗೆ ಐಯುಐ ಸೂಕ್ತ. ವಯಸ್ಸು ಕಡಿಮೆ, ಒಂದು ನಾಳ ತೆರೆದಿದೆ, ಗಂಡನ ದೋಷ ಸೌಮ್ಯವಾದುದು. ತೊಳೆದ ಬಳಿಕ ಉಳಿಯುವ ಚಲಿಸುವ ವೀರ್ಯಾಣುಗಳ ಸಂಖ್ಯೆ 50 ಲಕ್ಷದಿಂದ ಒಂದು ಕೋಟಿಯ ಆಸುಪಾಸಿನಲ್ಲಿದ್ದರೆ ಐಯುಐಗೆ ಅರ್ಥವಿದೆ. 10 ಲಕ್ಷಕ್ಕಿಂತ ಕೆಳಗಿಳಿದರೆ ಯಶಸ್ಸು ಬಹಳ ಅಪರೂಪ. ಗುಳ್ಳೆಯು ಬಲ ಅಂಡಾಶಯದಲ್ಲಿ ಬೆಳೆದ ತಿಂಗಳು ಈ ಹೆಣ್ಣುಮಗಳಿಗೆ ಹೆಚ್ಚು ಆಶಾದಾಯಕ ಎಂಬುದನ್ನೂ ಸ್ಕ್ಯಾನಿಂಗ್ ಮಾಡುವ ವೈದ್ಯರು ಹೇಳಬಲ್ಲರು.

ಇದೇ ದಂಪತಿಯ ಒಂದು ಸಂಗತಿಯನ್ನು ಬದಲಿಸಿ ನೋಡೋಣ. ಎರಡೂ ನಾಳಗಳು ಮುಚ್ಚಿವೆ ಎಂದಾದರೆ ಒಂದೇ ಒಂದು ಐಯುಐ ಕೂಡ ವ್ಯರ್ಥ, ಏಕೆಂದರೆ ವೀರ್ಯಾಣು ಮತ್ತು ಅಂಡಾಣು ಸಂಧಿಸುವ ಜಾಗವೇ ಇಲ್ಲ. ನಮ್ಮ ದೇಶದಲ್ಲಿ ನಾಳಗಳು ಹಾಳಾಗಲು ಜನನಾಂಗದ ಕ್ಷಯರೋಗವು ಒಂದು ಮುಖ್ಯ ಕಾರಣ. ಅದು ಕೆಮ್ಮು ಕಫವಿಲ್ಲದೆಯೂ ಬರುತ್ತದೆ, ಎಷ್ಟೋ ವೇಳೆ ಬಂಜೆತನವೇ ಅದರ ಮೊದಲ ಲಕ್ಷಣ. ಕ್ಷಯಕ್ಕೆ ಪೂರ್ಣ ಚಿಕಿತ್ಸೆ ಪಡೆದ ಬಳಿಕವೂ ಹಾಳಾದ ನಾಳ ಸಾಮಾನ್ಯವಾಗಿ ಸರಿಹೋಗುವುದಿಲ್ಲ, ಆಗ ಐವಿಎಫ್ ದಾರಿಯಾಗುತ್ತದೆ. ಗರ್ಭಾಶಯದ ಒಳಪದರವೇ ಕಲೆಗಟ್ಟಿಹೋಗಿದ್ದರೆ ಐವಿಎಫ್‌ಗೂ ಫಲ ಕಡಿಮೆ. ಮುಚ್ಚಿದ ನಾಳದಲ್ಲಿ ನೀರು ತುಂಬಿಕೊಂಡಿದ್ದರೆ ಆ ನೀರು ಗರ್ಭಾಶಯಕ್ಕೆ ಇಳಿದು ಭ್ರೂಣ ನೆಲೆಸುವುದಕ್ಕೆ ಅಡ್ಡಿಯಾಗುತ್ತದೆ. ಆದ್ದರಿಂದ ಐವಿಎಫ್‌ಗೆ ಮೊದಲು ಅಂಥ ನಾಳವನ್ನು ತೆಗೆಯುವುದು ಅಥವಾ ಬಂಧಿಸುವುದು ವಾಡಿಕೆ. ನಾಳದ ಪರೀಕ್ಷೆಯಿಲ್ಲದೆ ನಾಲ್ಕೈದು ಐಯುಐ ಮುಗಿಸಿಕೊಂಡು ಬಂದವರ ಸಂಕಟವು ತಪ್ಪಿಸಬಹುದಾಗಿದ್ದ ಸಂಕಟ.

ಮತ್ತೊಂದನ್ನು ಬದಲಿಸೋಣ. ಹೆಂಡತಿಗೆ 29ರ ಬದಲು 39 ವರ್ಷ. ಉಳಿದೆಲ್ಲವೂ ಹಾಗೆಯೇ ಇದ್ದರೂ ಇಲ್ಲಿ ನೇರವಾಗಿ ಐವಿಎಫ್‌ನ ಮಾತನಾಡುವುದು ಉಚಿತ. ಹೆಣ್ಣಿನ ಅಂಡಾಣುಗಳು 35ರ ಬಳಿಕ ಸಂಖ್ಯೆಯಲ್ಲಿಯೂ ಗುಣದಲ್ಲಿಯೂ ವೇಗವಾಗಿ ಇಳಿಯುತ್ತವೆ. ಆರು ತಿಂಗಳ ಐಯುಐಯಲ್ಲಿ ಕಳೆದುಹೋಗುವುದು ಹಣ ಮಾತ್ರವಲ್ಲ, ಮರಳಿ ಬಾರದ ಕಾಲ. ಇದಕ್ಕೆ ವಿರುದ್ಧವಾಗಿ, ಹೆಂಡತಿಗೆ 25 ವರ್ಷ, ಗಂಡನ ಪರೀಕ್ಷೆ ಸರಿಯಿದೆ, ನಾಳಗಳು ತೆರೆದಿವೆ, ಪಿಸಿಒಡಿ ಇದ್ದು ಮುಟ್ಟು ಮಾತ್ರ ತಡವಾಗುತ್ತದೆ ಎಂದಾದರೆ ಐಯುಐ ಕೂಡ ತಕ್ಷಣ ಬೇಕಾಗಿಲ್ಲ. ಅಂಡಾಣು ಬಿಡುಗಡೆಯಾಗುವಂತೆ ಮಾತ್ರೆ ಕೊಟ್ಟು ಸರಿಯಾದ ದಿನಗಳಲ್ಲಿ ದಂಪತಿ ಸಹಜವಾಗಿ ಕೂಡುವುದೇ ಮೊದಲ ಚಿಕಿತ್ಸೆ. ಇಂಥವರಿಗೆ ಮೊದಲ ಭೇಟಿಯಲ್ಲಿಯೇ ಐವಿಎಫ್ ಪ್ಯಾಕೇಜ್ ಹೇಳಿದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದು ವಿವೇಕ.

ಇನ್ನು ಯಶಸ್ಸಿನ ಲೆಕ್ಕ. ಅಮೆರಿಕದಲ್ಲಿ 21ರಿಂದ 39 ವರ್ಷದೊಳಗಿನ, ಕಾರಣ ತಿಳಿಯದ ಬಂಜೆತನದ ಮಹಿಳೆಯರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಕ್ಲೋಮಿಫೀನ್ ಮಾತ್ರೆಯೊಂದಿಗೆ ಮಾಡಿದ ಐಯುಐಯಲ್ಲಿ ಪ್ರತಿ ಆವರ್ತಕ್ಕೆ ಗರ್ಭ ನಿಂತದ್ದು ಶೇ. 7.6ರಷ್ಟು. ಹಾರ್ಮೋನ್ ಚುಚ್ಚುಮದ್ದಿನೊಂದಿಗೆ ಮಾಡಿದಾಗ ಶೇ. 9.8, ಐವಿಎಫ್‌ನಲ್ಲಿ ಶೇ. 30.7. ಸರಳವಾಗಿ ಹೇಳುವುದಾದರೆ, ಹತ್ತು ಮಂದಿ ಐಯುಐ ಮಾಡಿಸಿಕೊಂಡರೆ ಆ ತಿಂಗಳು ಒಬ್ಬರಿಗೆ ಮಾತ್ರ, ಕೆಲವೊಮ್ಮೆ ಆ ಒಬ್ಬರಿಗೂ ಇಲ್ಲ. ಹತ್ತು ಮಂದಿ ಐವಿಎಫ್ ಮಾಡಿಸಿಕೊಂಡರೆ ಸುಮಾರು ಮೂವರಿಗೆ. ಐವಿಎಫ್ ಮಾಡಿಸಿದರೆ ಮಗು ಖಚಿತ ಎಂಬ ನಂಬಿಕೆ ಎಷ್ಟು ತಪ್ಪೋ, ಮೊದಲ ಐಯುಐ ವಿಫಲವಾಯಿತೆಂದು ಸೊಸೆಯನ್ನು ಹೀಗಳೆಯುವುದು ಅಷ್ಟೇ ತಪ್ಪು. ವಿಫಲವಾಗುವುದೇ ಅಲ್ಲಿ ಹೆಚ್ಚು ಸಾಮಾನ್ಯ.

ಆದರೆ ಐಯುಐಯನ್ನು ಒಂದೇ ಆವರ್ತದಿಂದ ಅಳೆಯಬಾರದು. ಪ್ರತಿ ಬಾರಿ ಶೇ. 10ರ ಸಾಧ್ಯತೆಯಿದ್ದರೆ ಮೂರು ಬಾರಿಯಲ್ಲಿ ಒಟ್ಟು ಸಾಧ್ಯತೆ ಶೇ. 27ರ ಸಮೀಪಕ್ಕೆ ಬರುತ್ತದೆ, ಅಂದರೆ ಒಂದು ಐವಿಎಫ್‌ಗೆ ಹತ್ತಿರವಾಗುತ್ತದೆ. ನ್ಯೂಜಿಲೆಂಡಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ತೋರಿಸಿತು. ಮೂರು ಆವರ್ತಗಳ ಐಯುಐ ಪಡೆದವರಲ್ಲಿ ಶೇ. 31ರಷ್ಟು ಮಂದಿಗೆ ಜೀವಂತ ಮಗು ಜನಿಸಿದರೆ, ಚಿಕಿತ್ಸೆಯಿಲ್ಲದೆ ಕಾದವರಲ್ಲಿ ಶೇ. 9ರಷ್ಟು ಮಂದಿಗೆ ಜನಿಸಿತು. ಆದ್ದರಿಂದ ಯೋಗ್ಯ ದಂಪತಿಗೆ ಐಯುಐ ನಿಷ್ಪ್ರಯೋಜಕವಲ್ಲ. ಆದರೆ ಫಲ ಕೊಡುವುದಿದ್ದರೆ ಅದು ಬಹುತೇಕ ಮೊದಲ ಮೂರು ನಾಲ್ಕು ಬಾರಿಯಲ್ಲಿಯೇ ಕೊಡುತ್ತದೆ. ಏಳನೆಯ ಎಂಟನೆಯ ಐಯುಐಗೆ ಕರೆಯುವವರನ್ನು ಏಕೆಂದು ಕೇಳುವ ಹಕ್ಕು ನಮಗಿದೆ. ಐವಿಎಫ್‌ನ ಯಶಸ್ಸೂ ವಯಸ್ಸಿಗೆ ಕಟ್ಟುಬಿದ್ದಿದೆ. ಬ್ರಿಟನ್ನಿನ ಅಂಕಿಗಳಲ್ಲಿ 35ರೊಳಗಿನವರಿಗೆ ಇರಿಸಿದ ಪ್ರತಿ ಮೂರು ಭ್ರೂಣಗಳಲ್ಲಿ ಸುಮಾರು ಒಂದು ಮಗುವಾಗುತ್ತದೆ. 43 ದಾಟಿದವರು ತಮ್ಮದೇ ಅಂಡಾಣು ಬಳಸಿದಾಗ ಅದು ಶೇ. 5ರ ಆಸುಪಾಸಿಗೆ ಇಳಿಯುತ್ತದೆ. ಆಸ್ಪತ್ರೆಯವರು ಶೇ. 60, 70 ಎಂದು ಹೇಳಿದಾಗ ಅದು ರಕ್ತಪರೀಕ್ಷೆಯಲ್ಲಿ ಗರ್ಭ ಕಂಡವರ ಲೆಕ್ಕವೋ, ಜೀವಂತ ಮಗುವನ್ನು ಪಡೆದವರ ಲೆಕ್ಕವೋ, ನಮ್ಮ ವಯಸ್ಸಿನವರದ್ದೋ ಎಂದು ಕೇಳಿ ತಿಳಿಯಬೇಕು.

ಇಷ್ಟಕ್ಕೂ ಮೊದಲ ಮೆಟ್ಟಿಲು ಗಂಡನ ವೀರ್ಯಪರೀಕ್ಷೆ. ಅದು ಅತಿ ಅಗ್ಗದ, ನೋವಿಲ್ಲದ ಪರೀಕ್ಷೆ. ಎರಡರಿಂದ ಐದು ದಿನ ಸಂಯಮದಿಂದಿದ್ದು ಮಾದರಿ ಕೊಡಬೇಕು. ಅದು ಒಂದು ಗಂಟೆಯೊಳಗೆ, ದೇಹದ ಬಿಸಿ ಆರದಂತೆ ಪ್ರಯೋಗಾಲಯ ತಲುಪಬೇಕು. ಗಜೇಂದ್ರಗಡದ ಮನೆಯಲ್ಲಿ ಸಂಗ್ರಹಿಸಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಒಯ್ದ ಮಾದರಿಯಿಂದ ಸರಿಯಾದ ಫಲಿತಾಂಶ ದೊರೆಯದು. ಒಮ್ಮೆ ಕಡಿಮೆ ಬಂದ ಮಾತ್ರಕ್ಕೆ ಎದೆಗುಂದಬೇಕಿಲ್ಲ. ವೀರ್ಯಾಣು ರೂಪುಗೊಳ್ಳಲು ಎರಡೂವರೆ ತಿಂಗಳಷ್ಟು ಬೇಕು, ಆ ಅವಧಿಯಲ್ಲಿ ಬಂದ ಜೋರು ಜ್ವರವೂ ಸಂಖ್ಯೆಯನ್ನು ತಗ್ಗಿಸುತ್ತದೆ. ಆದ್ದರಿಂದ ಮೂರು ತಿಂಗಳ ಬಳಿಕ ಮತ್ತೊಮ್ಮೆ ನೋಡಿಯೇ ತೀರ್ಮಾನಿಸುವುದು ಕ್ರಮ. ಆಸ್ಪತ್ರೆಯ ಕೋಣೆಯಲ್ಲಿ ಮಾದರಿ ಕೊಡುವ ಬಗೆಗೆ ಧಾರ್ಮಿಕ ಸಂಕೋಚವಿರುವವರಿಗೆ ಇನ್ನೊಂದು ದಾರಿಯಿದೆ. ವೀರ್ಯಾಣುಗಳಿಗೆ ಹಾನಿಯಾಗದ, ಇದಕ್ಕಾಗಿಯೇ ತಯಾರಾದ ವಿಶೇಷ ಕಾಂಡೋಮ್‌ನಲ್ಲಿ ಪತ್ನಿಯೊಂದಿಗಿನ ಸಂಗದ ಮೂಲಕ ಸಂಗ್ರಹಿಸಬಹುದು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕಾಂಡೋಮ್ ಬಳಸಿದರೆ ಅದರ ಲೇಪನವು ವೀರ್ಯಾಣುಗಳನ್ನು ನಿಶ್ಚಲಗೊಳಿಸಿ ಪರೀಕ್ಷೆಯೇ ಕೆಡುತ್ತದೆ. ರಮಝಾನಿನ ಉಪವಾಸದ ಹಗಲಿನಲ್ಲಿ ಮಾದರಿ ಕೊಡಬೇಕಾದ ಇಕ್ಕಟ್ಟು ಬಾರದಂತೆ ಆವರ್ತವನ್ನು ಮೊದಲೇ ಯೋಜಿಸಿಕೊಳ್ಳುವುದು ಸುಲಭ.

ಈ ಚಿಕಿತ್ಸೆಗಳು ಧರ್ಮಸಮ್ಮತವೇ ಎಂಬ ಪ್ರಶ್ನೆ ನಮ್ಮವರನ್ನು ಕಾಡುವುದು ಸಹಜ. ವಿದ್ವಾಂಸರು ಇದನ್ನು ಬಹಳ ಹಿಂದೆಯೇ ಚರ್ಚಿಸಿದ್ದಾರೆ. 1980ರ ಮಾರ್ಚ್‌ನಲ್ಲಿ ಈಜಿಪ್ಟಿನ ಶೈಖ್ ಜಾದುಲ್ ಹಕ್‌ರವರು ನೀಡಿದ ಫತ್ವಾ ಮತ್ತು 1986ರ ಅಕ್ಟೋಬರ್‌ನಲ್ಲಿ ಅಮ್ಮಾನ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಖ್ಹ್ ಅಕಾಡೆಮಿಯ ನಿರ್ಣಯಗಳ ತಿರುಳು ಒಂದೇ. ವಿವಾಹಬಂಧನದೊಳಗೆ, ಗಂಡನ ವೀರ್ಯ ಮತ್ತು ಹೆಂಡತಿಯ ಅಂಡಾಣುವಿನಿಂದ, ಅದೇ ಹೆಂಡತಿಯ ಗರ್ಭದಲ್ಲಿ ನಡೆಯುವ ಚಿಕಿತ್ಸೆಯು ಅಗತ್ಯವಿದ್ದಲ್ಲಿ ಅನುಮತಿಸಲ್ಪಟ್ಟಿದೆ. ಐಯುಐ ಮತ್ತು ಐವಿಎಫ್ ಎರಡಕ್ಕೂ ಇದು ಅನ್ವಯಿಸುತ್ತದೆ. ಮೂರನೆಯವರ ವೀರ್ಯ, ಅಂಡಾಣು ಅಥವಾ ಗರ್ಭವು ಪ್ರವೇಶಿಸಿದರೆ ವಂಶಾವಳಿಯ ಪಾವಿತ್ರ್ಯ ಕೆಡುವುದರಿಂದ ಅದು ನಿಷಿದ್ಧ.

ಈ ಗೆರೆಯನ್ನು ಕಾಯುವುದಕ್ಕೂ ವೈದ್ಯಕೀಯ ತಿಳಿವಳಿಕೆ ಬೇಕು. ವೀರ್ಯದಲ್ಲಿ ವೀರ್ಯಾಣುಗಳೇ ಇಲ್ಲ ಎಂಬ ವರದಿ ಬಂದ ಬಳಿಕವೂ ಐಯುಐ ಮಾಡೋಣ ಎಂದು ಯಾರಾದರೂ ಹೇಳಿದರೆ, ಅದು ಯಾರ ವೀರ್ಯ ಎಂದು ಅಲ್ಲಿಯೇ ಕೇಳಬೇಕು. ಅಂಥ ವರದಿಯವರಿಗೆ ಗಂಡನದ್ದೇ ವೀರ್ಯದಿಂದ ಐಯುಐ ಸಾಧ್ಯವಿಲ್ಲ. ಆದರೆ ದಾರಿ ಮುಗಿಯಿತೆಂದೂ ಅಲ್ಲ. ಎಷ್ಟೋ ಗಂಡಸರಲ್ಲಿ ವೀರ್ಯಾಣು ಉತ್ಪತ್ತಿಯಾಗುತ್ತಿದ್ದು ಹೊರಬರುವ ದಾರಿ ಮಾತ್ರ ಮುಚ್ಚಿರುತ್ತದೆ. ಅಂಥವರ ವೃಷಣದಿಂದ ಸೂಜಿಯ ಮೂಲಕ ವೀರ್ಯಾಣು ತೆಗೆದು ಇಕ್ಸಿ ಮಾಡಬಹುದು. 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯು ನಮ್ಮ ನೆರವಿಗಿದೆ. ಐಯುಐ ಮಾಡುವ ಕೇಂದ್ರಕ್ಕೆ ಮೊದಲ ಹಂತದ, ಐವಿಎಫ್ ಮಾಡುವ ಕೇಂದ್ರಕ್ಕೆ ಎರಡನೆಯ ಹಂತದ ನೋಂದಣಿ ಕಡ್ಡಾಯ. ದಂಪತಿಗಳ ಲಿಖಿತ ಒಪ್ಪಿಗೆಯಿಲ್ಲದೆ ಚಿಕಿತ್ಸೆ ನಡೆಯುವಂತಿಲ್ಲ. ಒಪ್ಪಿಗೆಪತ್ರವನ್ನು ಕನ್ನಡದಲ್ಲಿ ಓದಿಸಿಕೊಂಡು, ನಮ್ಮದೇ ವೀರ್ಯ ಮತ್ತು ಅಂಡಾಣು ಎಂಬುದನ್ನು ಬರೆಸಿಯೇ ಸಹಿ ಮಾಡಬೇಕು. ಮಾದರಿಯ ಡಬ್ಬಿಯ ಮೇಲೆ ಇಬ್ಬರ ಹೆಸರೂ ಇದೆಯೇ ಎಂದು ಕಣ್ಣಾರೆ ನೋಡಬೇಕು. ಶೀತಲೀಕರಿಸಿ ಇಟ್ಟ ಭ್ರೂಣವನ್ನು ಗಂಡನ ಮರಣ ಅಥವಾ ತಲಾಕ್‌ನ ಬಳಿಕ ಬಳಸಲು ವಿದ್ವಾಂಸರು ಅನುಮತಿಸುವುದಿಲ್ಲವಾದ್ದರಿಂದ ಅದರ ಕುರಿತ ತೀರ್ಮಾನವನ್ನೂ ಆಗಲೇ ಬರೆದಿಡಬೇಕು.

ಕೊನೆಯದಾಗಿ ನಮ್ಮ ಊರುಗಳ ದೂರದ ಮಾತು. ನರಗುಂದದವರಿಗೆ ಹುಬ್ಬಳ್ಳಿಯು ನೇರ ಹೆದ್ದಾರಿಯಲ್ಲಿದೆ. ಗಜೇಂದ್ರಗಡದವರು ಗದಗ ದಾಟಿ ಹೋಗಬೇಕು. ಒಂದು ಐಯುಐ ಆವರ್ತಕ್ಕೆ ನಾಲ್ಕು ಬಾರಿಯಾದರೂ ಹೋಗಿಬರಬೇಕಾಗುತ್ತದೆ. ಗುಳ್ಳೆ ಅಳೆಯುವ ಸ್ಕ್ಯಾನಿಂಗನ್ನು ವೈದ್ಯರ ಒಪ್ಪಿಗೆಯೊಂದಿಗೆ ಹತ್ತಿರದ ನೋಂದಾಯಿತ ಕೇಂದ್ರದಲ್ಲಿ ಮಾಡಿಸಿದರೆ ಎರಡು ಪ್ರಯಾಣ ಉಳಿಯುತ್ತದೆ. ಗುಳ್ಳೆಗಳು ಮೂರು ಅಥವಾ ಹೆಚ್ಚು ಬೆಳೆದರೆ ಆ ತಿಂಗಳ ಐಯುಐಯನ್ನು ಕೈಬಿಡುವ ವೈದ್ಯರ ಮೇಲೆ ಮುನಿಯಬಾರದು. ಅವಳಿ ತ್ರಿವಳಿ ಗರ್ಭದಲ್ಲಿ ತಿಂಗಳು ತುಂಬುವ ಮೊದಲೇ ಹೆರಿಗೆಯಾಗಿ, ಎಳೆಯ ಕೂಸುಗಳನ್ನು ಗದಗ ಹುಬ್ಬಳ್ಳಿಗೆ ಓಡಿಸಬೇಕಾದ ಸ್ಥಿತಿಯನ್ನು ಅವರು ತಪ್ಪಿಸುತ್ತಿದ್ದಾರೆ. ಐವಿಎಫ್‌ಗಾಗಿ ಅಂಡಾಣು ತೆಗೆಸಿಕೊಂಡು ಊರಿಗೆ ಮರಳಿದ ಹೆಣ್ಣುಮಗಳಿಗೆ ಹೊಟ್ಟೆ ಉಬ್ಬರ, ವಾಂತಿ, ಮೂತ್ರ ಕಡಿಮೆಯಾಗುವುದು, ಉಸಿರಾಟದ ತೊಂದರೆ ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಅದು ಅಂಡಾಶಯವು ಔಷಧಿಗೆ ಅತಿಯಾಗಿ ಪ್ರತಿಕ್ರಿಯಿಸಿದ ಲಕ್ಷಣವಾಗಿರಬಹುದು.

ಐಯುಐಗೆ ಸಾವಿರಗಳು ಸಾಕಾದರೆ ಐವಿಎಫ್‌ಗೆ ಲಕ್ಷ ಮೀರುತ್ತದೆ. ಹತ್ತರಲ್ಲಿ ಮೂರರ ಸಾಧ್ಯತೆಗಾಗಿ ಬಡ್ಡಿಯ ಸಾಲ ಮಾಡಿ ಹೊಲ ಒತ್ತೆಯಿಡುವ ಮೊದಲು, ಈ ಆವರ್ತ ವಿಫಲವಾದರೆ ಮುಂದೇನು ಎಂಬುದನ್ನು ದಂಪತಿಗಳಿಬ್ಬರೂ ಕುಳಿತು ಮಾತನಾಡಿಕೊಳ್ಳಬೇಕು. ಸಂತಾನವನ್ನು ಕೊಡುವವನೂ ಕೊಡದಿರುವವನೂ ಅಲ್ಲಾಹನೇ ಎಂಬ ವಿಶ್ವಾಸವು ಚಿಕಿತ್ಸೆಗೆ ಅಡ್ಡಿಯಲ್ಲ. ಇಬ್ರಾಹೀಮ್ ಮತ್ತು ಝಕರಿಯ್ಯಾ ಪ್ರವಾದಿಗಳು ವೃದ್ಧಾಪ್ಯದವರೆಗೂ ಬೇಡಿದರು, ನಿರಾಶರಾಗಲಿಲ್ಲ, ತಮ್ಮ ಪತ್ನಿಯರನ್ನು ದೂಷಿಸಲೂ ಇಲ್ಲ. ಅವರ ಹಾದಿಯಲ್ಲಿದ್ದೇವೆ ಎನ್ನುವ ನಮ್ಮ ಗಂಡಸರು ಇನ್ನೊಂದು ಬಾರಿ ಹೆಂಡತಿಯನ್ನು ಸ್ಕ್ಯಾನಿಂಗಿಗೆ ಕಳುಹಿಸುವ ಮೊದಲು ತಾವು ಪ್ರಯೋಗಾಲಯದ ಬಾಗಿಲು ತಟ್ಟಲಿ. ಆ ವರದಿ ಕೈಗೆ ಬಂದ ಮೇಲೆಯೇ ಐಯುಐ ಅಥವಾ ಐವಿಎಫ್ ಎಂಬ ಮಾತು ಆರಂಭವಾಗಲಿ.